ಹದಿನೆಂಟು ಪುಟದ ಟೆಂಡರ್, ಒಂದು ಹಾಳೆಯ ಟಿಪ್ಪಣಿ

ಹಾಸನದಿಂದ ಬೇಲೂರಿಗೆ ಹೋಗುವಾಗ ಹಗರೆಯಲ್ಲಿ ಹಳೇಬೀಡಿನ ದಾರಿ ಕವಲೊಡೆಯುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವನ್ನು ನೋಡಲು ಬರುವವರು ಹಗರೆಯನ್ನು ಒಂದು ತಿರುವೆಂದಷ್ಟೇ ಬಲ್ಲರು. ಸುತ್ತಲಿನ ಊರುಗಳವರಿಗೆ ಮುಖ್ಯವಾಗಿರುವುದು ಬೇರೆ: ಕಾಂಕ್ರೀಟ್ ರಸ್ತೆ, ಚರಂಡಿ, ಕೆರೆ ಏರಿ, ಶಾಲಾ ಕೊಠಡಿ. ಇವುಗಳ ಬಹುಪಾಲು ಕೆಲಸ ನಡೆಯುವುದು ಟೆಂಡರ್ ಮೂಲಕ. ಟೆಂಡರ್ ಹಾಕುವವರಲ್ಲಿ ದೊಡ್ಡ ಕಂಪನಿಗಳಿಗಿಂತ ಒಬ್ಬ ಮಾಲೀಕ, ಒಬ್ಬ ಮ್ಯಾನೇಜರ್, ಒಬ್ಬ ಗುಮಾಸ್ತ, ಒಂದು ಪ್ರಿಂಟರ್ ಇರುವ ಸಣ್ಣ ಗುತ್ತಿಗೆದಾರರ ಕಚೇರಿಗಳೇ ಹೆಚ್ಚು.

ಇಂಥ ಕಚೇರಿಗೆ ಟೆಂಡರ್ ಪ್ರಕಟಣೆ ಬರುವುದು ಹೆಚ್ಚಾಗಿ ಚಿತ್ರದ ರೂಪದಲ್ಲಿ. ಸರ್ಕಾರಿ ಕಚೇರಿಯಲ್ಲಿ ಟೈಪ್ ಮಾಡುತ್ತಾರೆ, ಪ್ರಿಂಟ್ ತೆಗೆಯುತ್ತಾರೆ, ಅಧಿಕಾರಿ ಇಂಕಿನಲ್ಲಿ ಸಹಿ ಮಾಡುತ್ತಾರೆ, ಮೇಲೊಂದು ಗುಂಡು ಸೀಲು ಬೀಳುತ್ತದೆ. ಆಮೇಲೆ ಆ ಹಾಳೆಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡುತ್ತಾರೆ. ಅದನ್ನು ಯಾರೋ ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅಕ್ಷರ ಇನ್ನಷ್ಟು ಮಸುಕಾಗುತ್ತದೆ. ಕಣ್ಣಿಗೆ ಅಕ್ಷರದಂತೆ ಕಂಡರೂ ಕಂಪ್ಯೂಟರಿಗೆ ಅದು ಬರೀ ಚಿತ್ರ. ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಲು ಬರುವುದಿಲ್ಲ. ಗುಮಾಸ್ತ ಅದನ್ನು ಪುಟಪುಟವಾಗಿ ಓದಿ ಮ್ಯಾನೇಜರ್ ಮೇಜಿನ ಮೇಲೆ ಒಂದು ಹಾಳೆ ಇಡಬೇಕು. ನಾವು ಈ ಟೆಂಡರ್ ಹಾಕಬಹುದೇ, ಎಷ್ಟು ಹಣ ಬೇಕು, ಯಾವ ದಿನ ಏನು ಮಾಡಬೇಕು ಎಂಬುದು ಆ ಹಾಳೆಯಲ್ಲಿರಬೇಕು.

ಹಗರೆಯ ಅಂಥದೊಂದು ಕಚೇರಿಗೆ ಹದಿನೆಂಟು ಪುಟದ ಪ್ರಕಟಣೆ ಬಂದಿದೆಯೆಂದು ಇಟ್ಟುಕೊಳ್ಳೋಣ. ಕೆಲಸ, ಕಚೇರಿ, ಮೊತ್ತ ಎಲ್ಲವೂ ನಾನು ಕಟ್ಟಿಕೊಂಡ ಮಾದರಿ. ಷರತ್ತುಗಳು ಮಾತ್ರ ಕರ್ನಾಟಕದ ಕಾಮಗಾರಿ ಟೆಂಡರ್‌ಗಳಲ್ಲಿ ಕಾಣುವಂಥವು. ಗುಮಾಸ್ತ ಬರೆದ ಟಿಪ್ಪಣಿ ಹೀಗಿದೆ:

ಮ್ಯಾನೇಜರ್ ಸರ್ ಅವರ ಗಮನಕ್ಕೆ,

ವಿಷಯ: ಸಿ.ಸಿ. ರಸ್ತೆ ಮತ್ತು ಪಕ್ಕದ ಚರಂಡಿ ಕಾಮಗಾರಿ. ಟೆಂಡರಿಗಿಟ್ಟ ಮೊತ್ತ 126 ಲಕ್ಷ ರೂ. (ಪುಟ 2, ಕ್ರಮ ಸಂಖ್ಯೆ 4). ಅವಧಿ 8 ತಿಂಗಳು. ಕೊನೆಯ ಸಮಯ 23ನೇ ತಾರೀಖು ಗುರುವಾರ ಸಂಜೆ 4.

ಒಟ್ಟು ಅಭಿಪ್ರಾಯ: ಎರಡು ವಿಷಯ ಬಗೆಹರಿದರೆ ಹಾಕಬಹುದು. ಒಂದು, ಪುಟ 14ರಲ್ಲಿ ಸೀಲಿನ ಕೆಳಗೆ ಮುಚ್ಚಿಹೋದ ಸಾಲು. ಎರಡು, ನಮ್ಮ ಹಳೆಯ ಕೆಲಸದ ಪ್ರಮಾಣಪತ್ರಕ್ಕೆ ಕಾರ್ಯಪಾಲಕ ಎಂಜಿನಿಯರ್ ಸಹಿ.

ಅರ್ಹತೆ: ವರ್ಗ – ಸಾಮಾನ್ಯ, ಮೀಸಲು ಇಲ್ಲ (ಪುಟ 2). ನೋಂದಣಿ ದರ್ಜೆ – ನಮಗೆ ಸರಿಹೊಂದುತ್ತದೆ (ಪುಟ 3). ವಹಿವಾಟು – ಕಳೆದ 5 ವರ್ಷಗಳಲ್ಲಿ ಯಾವುದಾದರೂ 2 ವರ್ಷ ತಲಾ 100 ಲಕ್ಷ, ಸಿವಿಲ್ ಕೆಲಸ ಮಾತ್ರ (ಪುಟ 13). ನಮ್ಮದು 2022-23ರಲ್ಲಿ 104, 2024-25ರಲ್ಲಿ 128. ಇದೇ ಬಗೆಯ ಒಂದು ಕೆಲಸ 63 ಲಕ್ಷಕ್ಕೆ ಕಡಿಮೆಯಿಲ್ಲದ್ದು (ಪುಟ 13). ನಮ್ಮದು 71.40 ಲಕ್ಷ, ಆದರೆ ಪತ್ರದಲ್ಲಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಸಹಿ ಮಾತ್ರ ಇದೆ. ಟೆಂಡರ್ ಸಾಮರ್ಥ್ಯ – ಸೂತ್ರ ಪುಟ 14ರಲ್ಲಿದೆ. ಒಂದು ರೀತಿ ಲೆಕ್ಕ ಹಾಕಿದರೆ 105.80 ಲಕ್ಷ, ಸಾಲದು. ಇನ್ನೊಂದು ರೀತಿ 176.20 ಲಕ್ಷ, ಸಾಕು. ಯಾವುದು ಎಂಬ ಸಾಲು ಓದಲಾಗುತ್ತಿಲ್ಲ.

ಹಣ: ಈಗ ಕಟ್ಟಬೇಕಾದದ್ದು ಇಎಂಡಿ 1.89 ಲಕ್ಷ (ಪುಟ 2, ಅಂಕಿ ಮಸುಕು, ಶೇ 1.5ರ ಲೆಕ್ಕದಿಂದ ತಾಳೆ ನೋಡಿದೆ, ಪೋರ್ಟಲ್‌ನಲ್ಲಿ ಖಚಿತಪಡಿಸಬೇಕು). ಪ್ರಕ್ರಿಯೆ ಶುಲ್ಕ ಸ್ಕ್ಯಾನಿನಲ್ಲಿ ಇಲ್ಲ, ಪೋರ್ಟಲ್‌ನಲ್ಲಿ ನೋಡಬೇಕು, ಅದು ವಾಪಸ್ ಬರುವುದಿಲ್ಲ. ಕೆಲಸ ಸಿಕ್ಕರೆ ಭದ್ರತಾ ಠೇವಣಿ ಶೇ 5 (ಪುಟ 16), ಸುಮಾರು 6.30 ಲಕ್ಷ. ನಾವು ಹಾಕಿದ ದರ 90 ದಿನ ಸಿಂಧು.

ಕ್ರಮ: 8 ಬುಧವಾರ – ಪೋರ್ಟಲ್‌ನಿಂದ ಪೂರ್ಣ ದಾಖಲೆ ಇಳಿಸಿ ಪುಟ 14 ನೋಡುವುದು. 9, 10 – ಪ್ರಮಾಣಪತ್ರಕ್ಕೆ ಸಹಿ. 11, 12 – ಬ್ಯಾಂಕ್ ರಜೆ. 13 ಸೋಮವಾರ – ಸ್ಪಷ್ಟನೆ ಕೇಳಲು ಕೊನೆ ದಿನ. 20 ಸೋಮವಾರ – ಹಣ ಪಾವತಿ. 21 – ಎಲ್ಲ ದಾಖಲೆ ಅಪ್‌ಲೋಡ್. 22 ಸಂಜೆಯೊಳಗೆ – ಸಲ್ಲಿಕೆ ಮುಗಿಸುವುದು. ಹಣ ಕಟ್ಟುವ ಮುನ್ನ, ಸಲ್ಲಿಸುವ ಮುನ್ನ ತಿದ್ದೋಲೆ ಬಂದಿದೆಯೇ ನೋಡುವುದು.

ತಮ್ಮ ಆದೇಶಕ್ಕಾಗಿ.

ಟಿಪ್ಪಣಿ ಇಷ್ಟೇ. ಓದಲು ಮೂರು ನಿಮಿಷವೂ ಬೇಡ. ಆದರೆ ಒಂದೊಂದು ಸಾಲು ಬರೆಯುವುದಕ್ಕೂ ಒಂದೊಂದು ಕಾರಣವಿದೆ.

ಮೊದಲಿಗೆ, ಅರ್ಹತೆ ಮೇಲಿದೆ, ಹಣ ಆಮೇಲಿದೆ. ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗಾಗಿರುತ್ತದೆ. ಮೊದಲ ಪುಟದಲ್ಲೇ ಕೋಷ್ಟಕ ಹಾಕಿ ಮೊತ್ತ, ಇಎಂಡಿ, ದಿನಾಂಕ ಕೊಡುತ್ತಾರೆ. ಅರ್ಹತೆಯ ಷರತ್ತುಗಳು ಹದಿಮೂರು, ಹದಿನಾಲ್ಕನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಕೂತಿರುತ್ತವೆ. ಪ್ರಕಟಣೆ ಇರುವ ಕ್ರಮದಲ್ಲೇ ಸಾರ ಬರೆಯುವ ಗುಮಾಸ್ತ ಹಣದಿಂದ ಶುರು ಮಾಡುತ್ತಾನೆ, ಮ್ಯಾನೇಜರ್ ಹಣ ಹೊಂದಿಸಲು ಹೊರಡುತ್ತಾರೆ. ಇಎಂಡಿ ಕಟ್ಟಿದ ಮೇಲೆ ಅನರ್ಹರೆಂದು ಗೊತ್ತಾದರೆ ಹಣ ಮರಳಿ ಬಂದೀತು, ಆದರೆ ಅಷ್ಟು ದಿನ ಅದು ಕೈಯಲ್ಲಿರುವುದಿಲ್ಲ. ಆ ಹೊತ್ತಿಗೆ ಇನ್ನೊಂದು ಟೆಂಡರಿನ ದಿನವೂ ಮುಗಿದಿರುತ್ತದೆ.

ಅರ್ಹತೆಯೊಳಗೂ ಮೊದಲು ನೋಡಬೇಕಾದದ್ದು ವರ್ಗದ ಕಾಲಮ್. ಕರ್ನಾಟಕದಲ್ಲಿ ಸರ್ಕಾರಿ ಟೆಂಡರ್‌ಗಳನ್ನು ಆಳುವುದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. ಎಲ್ಲರ ಬಾಯಲ್ಲಿ ಅದು ಕೆಟಿಪಿಪಿ ಕಾಯ್ದೆ. ಅದಕ್ಕೆ ಬಂದ ತಿದ್ದುಪಡಿಗಳಿಂದ ನಿಗದಿತ ಮಿತಿಯೊಳಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಮೀಸಲಾಯಿತು. ಮೊದಲು 50 ಲಕ್ಷ ರೂಪಾಯಿವರೆಗಿದ್ದ ಮಿತಿಯನ್ನು 2023ರಲ್ಲಿ ಒಂದು ಕೋಟಿಗೆ ಏರಿಸಲಾಯಿತು. ಆಮೇಲೆ ಹಿಂದುಳಿದ ವರ್ಗಗಳೂ ಸೇರಿದವು. ಒಂದೇ ಪ್ರಕಟಣೆಯಲ್ಲಿ ಎಂಟು ಹತ್ತು ಕೆಲಸಗಳ ಪಟ್ಟಿಯಿದ್ದರೆ ಯಾವುದು ಯಾರಿಗೆ ಎಂಬುದು ಕೊನೆಯ ಕಾಲಮಿನ ಒಂದೆರಡು ಅಕ್ಷರದಲ್ಲಿರುತ್ತದೆ. ಕೋಷ್ಟಕ ಎರಡನೆಯ ಪುಟಕ್ಕೆ ಮುಂದುವರಿದಾಗ ತಲೆಬರಹ ಇರುವುದಿಲ್ಲ, ಸ್ಕ್ಯಾನ್ ಓರೆಯಾಗಿದ್ದರೆ ಸಾಲೂ ತಪ್ಪುತ್ತದೆ. ಮೂರನೆಯ ಕೆಲಸದ ವರ್ಗವನ್ನು ನಾಲ್ಕನೆಯದಕ್ಕೆ ಹಚ್ಚಿಬಿಡುವುದು ಬಹಳ ಸುಲಭ. ಪರದೆಯ ಮೇಲೆ ಒಂದು ಹಾಳೆಯ ಅಂಚನ್ನು ಅಡ್ಡ ಹಿಡಿದು ಸಾಲನ್ನು ಓದುವುದೇ ಇದಕ್ಕೆ ಉಪಾಯ. ಕೆಲಸ ನಮ್ಮ ವರ್ಗದ್ದಲ್ಲ ಎಂದಾದರೆ ಟಿಪ್ಪಣಿ ಅಲ್ಲಿಗೇ ನಿಲ್ಲಬೇಕು, ಉಳಿದ ಹದಿನಾರು ಪುಟ ಓದುವ ಅಗತ್ಯವೇ ಇಲ್ಲ.

ವಹಿವಾಟಿನ ಷರತ್ತಿನಲ್ಲಿ ಜನ ಎಡವುವುದು ಮೊತ್ತದಲ್ಲಲ್ಲ, ಅದರ ಪಕ್ಕದಲ್ಲಿರುವ ಮಾತಿನಲ್ಲಿ. 'ಸಿವಿಲ್ ಕೆಲಸ ಮಾತ್ರ' ಎಂದಿದ್ದರೆ ಅದೇ ಸಂಸ್ಥೆಯ ಹೆಸರಿನಲ್ಲಿ ಸಿಮೆಂಟು, ಜಲ್ಲಿ ಮಾರಿದ ವಹಿವಾಟು ಲೆಕ್ಕಕ್ಕೆ ಬರುವುದಿಲ್ಲ. ಜಿಎಸ್‌ಟಿ ರಿಟರ್ನ್‌ನಲ್ಲಿರುವ ಒಟ್ಟು ಅಂಕಿಯನ್ನು ನೋಡಿ 'ಸಾಕು' ಎಂದು ಬರೆದರೆ ತಪ್ಪಾಗುತ್ತದೆ. ಲೆಕ್ಕಪರಿಶೋಧಕರ ಪ್ರಮಾಣಪತ್ರದಲ್ಲಿ ಸಿವಿಲ್ ಕೆಲಸದ ವಹಿವಾಟು ಬೇರೆಯಾಗಿ ಇರಬೇಕು. ಆ ಪತ್ರದ ಮೇಲೆ ಯುಡಿಐಎನ್ ಎಂಬ 18 ಅಂಕೆ-ಅಕ್ಷರಗಳ ಗುರುತು ಸಂಖ್ಯೆಯೂ ಇರಬೇಕು. ಚಾರ್ಟರ್ಡ್ ಅಕೌಂಟೆಂಟ್‌ಗಳು ಕೊಡುವ ಪ್ರಮಾಣಪತ್ರಗಳಿಗೆ ಇದು 2019ರ ಫೆಬ್ರವರಿ 1ರಿಂದ ಕಡ್ಡಾಯ. ಆ ಸಂಖ್ಯೆಯನ್ನು ಯಾರು ಬೇಕಾದರೂ ಜಾಲತಾಣದಲ್ಲಿ ಪರಿಶೀಲಿಸಬಹುದು, ಆದ್ದರಿಂದ ಹಳೆಯ ಪತ್ರದ ದಿನಾಂಕ ತಿದ್ದಿ ಹಾಕುವ ಚಾಳಿ ಈಗ ನಡೆಯುವುದಿಲ್ಲ.

ಹಳೆಯ ಕೆಲಸದ ಪ್ರಮಾಣಪತ್ರದ್ದು ಇನ್ನೊಂದು ಕಥೆ. ಕೆಲಸ ಮಾಡಿದ್ದು ನಿಜ, ಬಿಲ್ ಆಗಿದ್ದೂ ನಿಜ, ರಸ್ತೆ ಇವತ್ತಿಗೂ ಗಟ್ಟಿಯಾಗಿದೆ. ಆದರೆ 'ಕಾರ್ಯಪಾಲಕ ಎಂಜಿನಿಯರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಕೊಟ್ಟ ಪ್ರಮಾಣಪತ್ರ' ಎಂದು ಷರತ್ತಿದ್ದಾಗ ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಸಹಿ ಸಾಲದು. ಬೇಲೂರಿನ ಉಪವಿಭಾಗದಲ್ಲಿ ಸಿಕ್ಕ ಪತ್ರಕ್ಕೆ ವಿಭಾಗ ಕಚೇರಿಯಲ್ಲಿ ಮೇಲುಸಹಿ ಬೇಕಾಗುತ್ತದೆ. ಅಧಿಕಾರಿ ಆ ದಿನ ಸಿಗುತ್ತಾರೋ ಸಭೆಯಲ್ಲಿರುತ್ತಾರೋ ಹೇಳಲಾಗದು. ಹಾಗಾಗಿ ಟಿಪ್ಪಣಿಯಲ್ಲಿ ಇದು ಅರ್ಹತೆಯ ಭಾಗದಲ್ಲಿ ಮಾತ್ರವಲ್ಲ, ದಿನಚರಿಯ ಭಾಗದಲ್ಲೂ 9, 10ನೇ ತಾರೀಖಿನ ಎದುರು ಬಂದಿದೆ.

ಈಗ ಟೆಂಡರ್ ಸಾಮರ್ಥ್ಯದ ಲೆಕ್ಕ. ಇಡೀ ಟಿಪ್ಪಣಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ದೊಡ್ಡ ಕಾಮಗಾರಿಗಳ ಟೆಂಡರ್ ದಾಖಲೆಯಲ್ಲಿ ಒಂದು ಸೂತ್ರ ಇರುತ್ತದೆ:

```
A × N × 1.5 − B
```

A ಎಂದರೆ ಕಳೆದ ಐದು ವರ್ಷಗಳಲ್ಲಿ ಯಾವುದೇ ಒಂದು ವರ್ಷದಲ್ಲಿ ನಾವು ಮಾಡಿದ ಗರಿಷ್ಠ ಕೆಲಸದ ಮೌಲ್ಯ, ಈಗಿನ ಬೆಲೆಗೆ ಏರಿಸಿದ್ದು. N ಎಂದರೆ ಈ ಕೆಲಸ ಮುಗಿಸಲು ಕೊಟ್ಟ ಅವಧಿ, ವರ್ಷದ ಲೆಕ್ಕದಲ್ಲಿ. B ಎಂದರೆ ಆ ಅವಧಿಯೊಳಗೆ ನಾವು ಮುಗಿಸಬೇಕಾಗಿರುವ, ಈಗಾಗಲೇ ಕೈಯಲ್ಲಿರುವ ಕೆಲಸ. ಉತ್ತರ ಟೆಂಡರಿಗಿಟ್ಟ ಮೊತ್ತಕ್ಕಿಂತ ಕಡಿಮೆಯಾದರೆ ನೀವು ಎಷ್ಟೇ ಒಳ್ಳೆಯ ಗುತ್ತಿಗೆದಾರರಾದರೂ ತಾಂತ್ರಿಕ ಹಂತದಲ್ಲೇ ಹೊರಗೆ. ಇದರ ಉದ್ದೇಶ ಸರಿಯಾಗಿಯೇ ಇದೆ: ಕೈತುಂಬ ಕೆಲಸ ಹಿಡಿದುಕೊಂಡವರು ಇನ್ನೊಂದನ್ನು ಹಿಡಿದು ಯಾವುದನ್ನೂ ಮುಗಿಸದೆ ಹೋಗಬಾರದು.

ನಮ್ಮ ಮಾದರಿಯಲ್ಲಿ ಗರಿಷ್ಠ ವರ್ಷ 2024-25, ಮೌಲ್ಯ 128 ಲಕ್ಷ. ದಾಖಲೆ ಹೇಳಿದಂತೆ ವರ್ಷಕ್ಕೆ ಶೇ 10 ಏರಿಸಿದರೆ 140.80 ಲಕ್ಷ. ಅವಧಿ 8 ತಿಂಗಳು, ಅಂದರೆ ವರ್ಷದ ಮೂರರಲ್ಲಿ ಎರಡು ಪಾಲು. ಅದನ್ನು ಒಂದೂವರೆಯಿಂದ ಗುಣಿಸಿದರೆ ಸರಿಯಾಗಿ ಒಂದು. ಹಾಗಾಗಿ ಸೂತ್ರದ ಮೊದಲ ಭಾಗ 140.80ರಲ್ಲೇ ನಿಲ್ಲುತ್ತದೆ. ಕೈಯಲ್ಲಿರುವ ಎರಡು ಕೆಲಸಗಳಲ್ಲಿ ಉಳಿದಿರುವುದು 22 ಲಕ್ಷ ಮತ್ತು 13 ಲಕ್ಷ, ಒಟ್ಟು 35. ಕಳೆದರೆ 105.80 ಲಕ್ಷ. ಕೆಲಸ 126 ಲಕ್ಷದ್ದು, ನಾವು ಅನರ್ಹರು.

ಆದರೆ ಕೆಲವು ದಾಖಲೆಗಳಲ್ಲಿ N ಬಗ್ಗೆ ಇನ್ನೊಂದು ಸಾಲು ಇರುತ್ತದೆ: ಆರು ತಿಂಗಳವರೆಗಿನ ಅವಧಿಯನ್ನು ಅರ್ಧ ವರ್ಷವೆಂದೂ ಅದಕ್ಕಿಂತ ಹೆಚ್ಚಿನದನ್ನು ಒಂದು ವರ್ಷವೆಂದೂ ಪರಿಗಣಿಸಬೇಕು ಎಂದು. ಆಗ 8 ತಿಂಗಳು ಪೂರ್ತಿ ವರ್ಷವಾಗುತ್ತದೆ. 140.80ರ ಒಂದೂವರೆ ಪಟ್ಟು 211.20, ಅದರಲ್ಲಿ 35 ಕಳೆದರೆ 176.20 ಲಕ್ಷ, ನಾವು ಅರ್ಹರು. ಅದೇ ಸಂಸ್ಥೆ, ಅದೇ ಕೆಲಸ, ಅದೇ ಅಂಕಿಗಳು. ಒಂದು ಸಾಲು ಇದೆಯೋ ಇಲ್ಲವೋ ಎಂಬುದರ ಮೇಲೆ ಉತ್ತರ ಮಗುಚುತ್ತದೆ. ಮಾದರಿ ಪ್ರಕಟಣೆಯಲ್ಲಿ ಆ ಸಾಲಿರಬೇಕಾದ ಜಾಗದ ಮೇಲೆಯೇ ನೇರಳೆ ಸೀಲು ಬಿದ್ದಿದೆ.

ಇಲ್ಲಿ ಗುಮಾಸ್ತನ ಮುಂದೆ ಮೂರು ದಾರಿಗಳಿವೆ. 'ಬಹುಶಃ ಇರುತ್ತದೆ, ಹೋದ ಸಲದ ಟೆಂಡರಿನಲ್ಲಿತ್ತು' ಎಂದುಕೊಂಡು ಅರ್ಹ ಎಂದು ಬರೆಯಬಹುದು. 'ಕಾಣದಿದ್ದರೆ ಇಲ್ಲ' ಎಂದು ಅನರ್ಹ ಎಂದು ಬರೆದು ಕೈತೊಳೆದುಕೊಳ್ಳಬಹುದು. ಅಥವಾ ಎರಡೂ ಲೆಕ್ಕ ಬರೆದು, ಯಾವ ಪುಟದ ಯಾವ ಜಾಗ ಓದಲಾಗುತ್ತಿಲ್ಲ ಎಂದು ಹೇಳಿ, ಅದನ್ನು ತಿಳಿಯುವ ದಾರಿ ಮತ್ತು ಕೊನೆಯ ದಿನ ಕೊಡಬಹುದು. ನನ್ನ ಮಟ್ಟಿಗೆ ಮೂರನೆಯದೊಂದೇ ಟಿಪ್ಪಣಿ, ಮೊದಲೆರಡು ಊಹೆ. ಊಹಿಸಿದ ಅಂಕಿಗೂ ಓದಿದ ಅಂಕಿಗೂ ಹಾಳೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ಮ್ಯಾನೇಜರ್ ಎರಡನ್ನೂ ಒಂದೇ ನಂಬಿಕೆಯಿಂದ ಓದುತ್ತಾರೆ. ಅದರಿಂದಲೇ ಓದಲಾಗದ್ದನ್ನು 'ಓದಲಾಗಿಲ್ಲ' ಎಂದು ಬರೆಯುವುದು ಗುಮಾಸ್ತನ ಕೆಲಸದ ಮುಖ್ಯ ಭಾಗ.

ಇದೇ ಸೂತ್ರದಲ್ಲಿ B ಬಗ್ಗೆಯೂ ಒಂದು ಮಾತು. ಕೈಯಲ್ಲಿರುವ ಕೆಲಸದ ಪೂರ್ತಿ ಕರಾರು ಮೊತ್ತವನ್ನೇ ಬರೆಯುವವರಿದ್ದಾರೆ. 60 ಲಕ್ಷದ ಕೆಲಸದಲ್ಲಿ 38 ಲಕ್ಷದ್ದು ಮುಗಿದು ಬಿಲ್ ಆಗಿದ್ದರೆ B ಲೆಕ್ಕಕ್ಕೆ ಬರುವುದು ಉಳಿದ 22 ಮಾತ್ರ. ಪೂರ್ತಿ 60 ಬರೆದರೆ ಅರ್ಹತೆ ಇದ್ದವರೂ ಕೈಯಾರೆ ಅನರ್ಹರಾಗುತ್ತಾರೆ. ಇನ್ನೊಂದೆಡೆ, ಹಿಡಿದ ಕೆಲಸವನ್ನು ಮುಚ್ಚಿಡುವುದು ಸುಳ್ಳು ಮಾಹಿತಿಯಾಗುತ್ತದೆ. ಆ ಕೆಲಸ ಅದೇ ಇಲಾಖೆಯದಾಗಿದ್ದರೆ ಗೊತ್ತಾಗುವುದಕ್ಕೆ ತಡವೂ ಆಗದು.

ಹಣದ ಭಾಗದಲ್ಲಿ ಗುಮಾಸ್ತ ಮಾಡಿದ ಮುಖ್ಯ ಕೆಲಸವೆಂದರೆ ಒಟ್ಟು ಮೊತ್ತ ಹಾಕದೆ ಇದ್ದದ್ದು. ಪ್ರಕ್ರಿಯೆ ಶುಲ್ಕ, ಇಎಂಡಿ, ಭದ್ರತಾ ಠೇವಣಿ ಮೂರನ್ನೂ ಕೂಡಿಸಿ 'ಒಟ್ಟು ಎಂಟು ಲಕ್ಷ ಚಿಲ್ಲರೆ' ಎಂದು ಬರೆದರೆ ಮ್ಯಾನೇಜರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಶುಲ್ಕ ಹೋದದ್ದು ಹೋಯಿತು. ಇಎಂಡಿ ಈಗ ಕಟ್ಟಬೇಕು, ಕೆಲಸ ಸಿಗದಿದ್ದರೆ ಮರಳುತ್ತದೆ. ಆದರೆ ದರ ಸಿಂಧುವಾಗಿರುವ 90 ದಿನದೊಳಗೆ ನಾವೇ ಹಿಂದೆ ಸರಿದರೆ, ಅಥವಾ ಕೆಲಸ ನಮಗೇ ಆಗಿ ಕರಾರಿಗೆ ಸಹಿ ಹಾಕದಿದ್ದರೆ ಮುಟ್ಟುಗೋಲಾಗುತ್ತದೆ. ಭದ್ರತಾ ಠೇವಣಿ ಈಗ ಬೇಡ, ಅಂಗೀಕಾರ ಪತ್ರ ಬಂದ ಮೇಲೆ ಬೇಕು, ಹೆಚ್ಚಾಗಿ ಬ್ಯಾಂಕ್ ಗ್ಯಾರಂಟಿಯಾಗಿಯೂ ಕೊಡಬಹುದು. ಬಹಳ ಕಡಿಮೆ ದರ ಹಾಕಿ ಗೆದ್ದವರಿಂದ ಹೆಚ್ಚುವರಿ ಭದ್ರತೆ ಕೇಳುವ ಷರತ್ತೂ ಹಲವು ದಾಖಲೆಗಳಲ್ಲಿದೆ. ಅದು ಇದ್ದರೆ ದರ ಬರೆಯುವ ಮುಂಚೆಯೇ ಮ್ಯಾನೇಜರಿಗೆ ಗೊತ್ತಿರಬೇಕು.

ಇಎಂಡಿ ಅಂಕಿಯನ್ನು ಗುಮಾಸ್ತ ತಾಳೆ ನೋಡಿದ ಬಗೆಯನ್ನು ಯಾರು ಬೇಕಾದರೂ ಬಳಸಬಹುದು. ಸ್ಕ್ಯಾನಿನಲ್ಲಿ ಅದು 1.39 ಎಂದೂ ಕಾಣುತ್ತದೆ, 1.89 ಎಂದೂ ಕಾಣುತ್ತದೆ. ಮಸುಕು ಪ್ರತಿಯಲ್ಲಿ 3 ಮತ್ತು 8 ಒಂದೇ. ಕನ್ನಡ ಅಂಕಿಯಲ್ಲಿ ಬರೆದಿದ್ದರೆ ೬ ಮತ್ತು ೯ ಇನ್ನೂ ಮೋಸ ಮಾಡುತ್ತವೆ. ಅದೇ ಕೋಷ್ಟಕದ ಬೇರೆ ಸಾಲುಗಳಲ್ಲಿ ಸ್ಪಷ್ಟವಾಗಿ ಕಾಣುವ ಎರಡು ಕೆಲಸಗಳ ಇಎಂಡಿಯನ್ನು ಮೊತ್ತದಿಂದ ಭಾಗಿಸಿದರೆ ಎರಡೂ ಕಡೆ ಶೇ 1.5 ಬಂತು. 126 ಲಕ್ಷಕ್ಕೆ ಶೇ 1.5 ಎಂದರೆ 1.89. ಇಷ್ಟಾದರೂ 'ಪೋರ್ಟಲ್‌ನಲ್ಲಿ ಖಚಿತಪಡಿಸಬೇಕು' ಎಂಬ ಮಾತನ್ನು ಅವನು ಬಿಟ್ಟಿಲ್ಲ. ಐವತ್ತು ಸಾವಿರ ಕಡಿಮೆ ಕಟ್ಟಿದರೆ ಅದು ಕಡಿಮೆ ಇಎಂಡಿ ಅಲ್ಲ, ಇಎಂಡಿ ಕಟ್ಟದ ಲೆಕ್ಕ. ದಶಮಾಂಶದ ಚುಕ್ಕಿಗೂ ಇದೇ ಜಾಗ್ರತೆ ಬೇಕು. ಚುಕ್ಕಿ ಅಳಿಸಿದ 87.50 ಲಕ್ಷ ಕಣ್ಣಿಗೆ 8750 ಆಗಿ ಕಾಣುತ್ತದೆ.

ಪೋರ್ಟಲ್ ಎಂದರೆ kppp.karnataka.gov.in. ರಾಜ್ಯದಲ್ಲಿ ಇ-ಸಂಗ್ರಹಣೆ ಶುರುವಾಗಿ ವರ್ಷಗಳೇ ಕಳೆದಿವೆ. ಹಳೆಯ ಜಾಲತಾಣದ ಜಾಗಕ್ಕೆ ಈಗ ಇದು ಬಂದಿದೆ. ಪತ್ರಿಕೆಯ ಜಾಹೀರಾತಾಗಲಿ ವಾಟ್ಸ್ಆ್ಯಪ್‌ನ ಫೋಟೊ ಆಗಲಿ ಸುದ್ದಿ ಮಾತ್ರ. ಟೆಂಡರ್ ಇರುವುದು ಪೋರ್ಟಲ್‌ನಲ್ಲಿ. ತಿದ್ದೋಲೆ ಬರುವುದೂ ಅಲ್ಲೇ. ಕೊನೆಯ ದಿನ ಮುಂದಕ್ಕೆ ಹೋಗಿರಬಹುದು, ಅವಧಿ ಬದಲಾಗಿರಬಹುದು, ಒಂದು ಷರತ್ತು ಸಡಿಲವಾಗಿರಬಹುದು. ಕೈಯಲ್ಲಿರುವ ಸ್ಕ್ಯಾನ್ ಪ್ರತಿಗೆ ಇದಾವುದೂ ಗೊತ್ತಿರುವುದಿಲ್ಲ. ಅದರಿಂದಲೇ ಟಿಪ್ಪಣಿಯಲ್ಲಿ ತಿದ್ದೋಲೆ ನೋಡುವ ಕೆಲಸವನ್ನು ಹಣ ಕಟ್ಟುವ ಮುನ್ನ ಒಮ್ಮೆ, ಸಲ್ಲಿಸುವ ಮುನ್ನ ಇನ್ನೊಮ್ಮೆ ಇಟ್ಟಿದೆ.

ದಿನಚರಿಯನ್ನು ಗುಮಾಸ್ತ ಕೊನೆಯಿಂದ ಹಿಂದಕ್ಕೆ ಎಣಿಸಿ ಬರೆದಿದ್ದಾನೆ. 23ರ ಸಂಜೆ 4 ಎಂದರೆ ಆ ಹೊತ್ತಿಗೆ ಪೋರ್ಟಲ್‌ನ ಗಡಿಯಾರ ನಿಲ್ಲುತ್ತದೆ. 4 ಗಂಟೆ 1 ನಿಮಿಷಕ್ಕೆ ಕಚೇರಿಗೆ ಓಡಿಹೋಗಿ ಲಕೋಟೆ ಕೊಡುವ ಕಾಲ ಹೋಯಿತು. ಕೊನೆಯ ದಿನ ಎಲ್ಲ ಗುತ್ತಿಗೆದಾರರೂ ಒಟ್ಟಿಗೆ ಒಳಗೆ ಬರುವುದರಿಂದ ಅಪ್‌ಲೋಡ್ ನಿಧಾನ. ಹಗರೆಯಂಥ ಊರಿನಲ್ಲಿ ಕರೆಂಟ್ ಹೋದರೆ ಮೊಬೈಲ್ ಟವರ್ ಕೂಡ ಸೊರಗುತ್ತದೆ. ಅದಕ್ಕೇ 22ರ ಸಂಜೆಗೆ ಮುಗಿಸುವ ಯೋಜನೆ. ಹಣವನ್ನು 20ಕ್ಕೇ ಕಟ್ಟುವುದು ಬೇರೆ ಕಾರಣಕ್ಕೆ. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತವೆ. ಆದರೆ ಹಣ ಖಾತೆಯಿಂದ ಹೋದರೆ ಸಾಲದು, ಅದು ಈ ಟೆಂಡರಿನ ಈ ಗುತ್ತಿಗೆದಾರನ ಹಣವೆಂದು ಪೋರ್ಟಲ್‌ನಲ್ಲಿ ತಾಳೆಯಾಗಬೇಕು. ಚಲನ್‌ನಲ್ಲಿರುವ ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಹಣ ತಿರುಗಿ ಬರುವ ಹೊತ್ತಿಗೆ ಟೆಂಡರ್ ಮುಚ್ಚಿರುತ್ತದೆ. 11 ಎರಡನೆಯ ಶನಿವಾರ, 12 ಭಾನುವಾರ. ಬ್ಯಾಂಕಿಗೇ ಹೋಗಿ ಕಟ್ಟುವವರಿಗೆ ಎರಡೂ ದಿನ ಇಲ್ಲ.

ಸಲ್ಲಿಕೆಯಲ್ಲಿ ಎರಡು ಲಕೋಟೆ ಪದ್ಧತಿ. ಮೊದಲನೆಯದು ತಾಂತ್ರಿಕ ಬಿಡ್, ಅರ್ಹತೆಯ ದಾಖಲೆಗಳೆಲ್ಲ ಅದರಲ್ಲಿ. ಎರಡನೆಯದು ಆರ್ಥಿಕ ಬಿಡ್, ದರ ಅದರಲ್ಲಿ ಮಾತ್ರ. ತಾಂತ್ರಿಕದಲ್ಲಿ ಉತ್ತೀರ್ಣರಾದವರ ಎರಡನೆಯ ಲಕೋಟೆಯನ್ನಷ್ಟೇ ತೆರೆಯುತ್ತಾರೆ. ದರ ಇರುವ ಹಾಳೆಯನ್ನು ಮರೆತು ತಾಂತ್ರಿಕದೊಳಗೆ ಸೇರಿಸಿ ತಿರಸ್ಕೃತರಾದವರ ಮಾತು ಗುತ್ತಿಗೆದಾರರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಕೊನೆಗೆ ಬೇಕಾದದ್ದು ಡಿಜಿಟಲ್ ಸಿಗ್ನೇಚರ್, ಪೆನ್‌ಡ್ರೈವ್‌ನಂತಿರುವ ಆ ಸಣ್ಣ ಟೋಕನ್. 2021ರ ಜನವರಿಯಿಂದ ಮೂರನೆಯ ದರ್ಜೆಯದು ಮಾತ್ರ ಹೊಸದಾಗಿ ಸಿಗುತ್ತದೆ, ಅದಕ್ಕೆ ಅವಧಿಯೂ ಇದೆ. ಅದು ಮುಗಿಯುವ ದಿನವನ್ನು ಟೋಕನ್ನಿನ ಮೇಲೆಯೇ ಚೀಟಿ ಅಂಟಿಸಿ ಬರೆದಿಡುವ ಕಚೇರಿಗಳು ಕೊನೆಯ ಗಳಿಗೆಯಲ್ಲಿ ಪೇಚಾಡುವುದಿಲ್ಲ.

ಪ್ರತಿ ಸಾಲಿನ ಪಕ್ಕದ ಪುಟ ಸಂಖ್ಯೆಯ ಉಪಯೋಗ ಟೆಂಡರ್ ತೆರೆದ ಮೇಲೂ ಇದೆ. ಕೆಟಿಪಿಪಿ ಕಾಯ್ದೆಯ 16ನೇ ಪ್ರಕರಣದಂತೆ, ಟೆಂಡರ್ ಅಂಗೀಕಾರದ ಆದೇಶದಿಂದ ಅನ್ಯಾಯವಾಯಿತೆಂದು ಅನಿಸಿದ ಗುತ್ತಿಗೆದಾರ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. 'ನಮ್ಮ ಸಾಮರ್ಥ್ಯದ ಲೆಕ್ಕ ಸರಿಯಿತ್ತು' ಎಂದು ವಾದಿಸಲು ಯಾವ ಪುಟದ ಯಾವ ಷರತ್ತಿನಂತೆ ಲೆಕ್ಕ ಹಾಕಿದೆವು, 13ನೇ ತಾರೀಖಿನೊಳಗೆ ಯಾವ ಸ್ಪಷ್ಟನೆ ಕೇಳಿದೆವು, ಏನು ಉತ್ತರ ಬಂತು ಎಂಬುದು ಕಡತದಲ್ಲಿ ಇರಬೇಕು. ಮ್ಯಾನೇಜರ್ ಟಿಪ್ಪಣಿಯ ಕೆಳಗೆ 'ಮುಂದುವರಿಯಿರಿ' ಎಂದು ಬರೆದು ತಾರೀಖು ಹಾಕಿದ ಹಾಳೆಯೂ ಅದೇ ಕಡತದಲ್ಲಿ ಇರಬೇಕು.

ಇಷ್ಟೆಲ್ಲ ಶ್ರಮದಲ್ಲಿ ಅರ್ಧ ಭಾಗ ಬೇಕಿಲ್ಲದ ಶ್ರಮ. ಗುತ್ತಿಗೆದಾರ ತನ್ನ ಬಿಡ್‌ಗೆ ಡಿಜಿಟಲ್ ಸಹಿ ಹಾಕದಿದ್ದರೆ ಪೋರ್ಟಲ್ ಒಳಗೆ ಬಿಡುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಆ ಸಹಿಗೆ ಇಂಕಿನ ಸಹಿಯಷ್ಟೇ ಕಾನೂನು ಬಲ ಕೊಟ್ಟಿದೆ. ಹಾಗಿದ್ದ ಮೇಲೆ ಟೆಂಡರ್ ಕರೆಯುವ ಕಚೇರಿ ತನ್ನ ಪ್ರಕಟಣೆಯನ್ನು ಪ್ರಿಂಟ್ ತೆಗೆದು, ಸೀಲು ಒತ್ತಿ, ಮತ್ತೆ ಚಿತ್ರ ಮಾಡಿ ಹಾಕುವುದು ಯಾಕೆ? ಟೈಪ್ ಮಾಡಿದ ಕಡತವನ್ನೇ ನೇರ ಪಿಡಿಎಫ್ ಮಾಡಿ, ಅದರ ಮೇಲೆ ಅಧಿಕಾರಿಯ ಡಿಜಿಟಲ್ ಸಹಿ ಹಾಕಿದರೆ ಯಾವ ಷರತ್ತಿನ ಮೇಲೂ ಸೀಲು ಬೀಳುವುದಿಲ್ಲ, 3 ಮತ್ತು 8 ಬೇರೆಬೇರೆಯಾಗಿಯೇ ಉಳಿಯುತ್ತವೆ. ಹಾಸನ ಜಿಲ್ಲೆಯ ಎಂಜಿನಿಯರಿಂಗ್ ವಿಭಾಗಗಳೂ ಸ್ಥಳೀಯ ಸಂಸ್ಥೆಗಳೂ ಮುಂದಿನ ಟೆಂಡರ್ ಪ್ರಕಟಣೆಯಿಂದಲೇ ಇದನ್ನು ಶುರು ಮಾಡಲಿ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಅನುದಾನವೂ ಬೇಡ.